ಮನೆ ಬಿಡಿಸಲು ಲಾಯರ್ ನೋಟಿಸೇ ಬೇಕೆ?

ಬಾಡಿಗೆದಾರರನ್ನು ಬಿಡಿಸಬೇಕೆಂದರೆ ಮೊದಲು ಲಾಯರ್ ನೋಟಿಸ್ ಕೊಡಿ, ನೀವೇ ಬರೆದ ಪತ್ರಕ್ಕೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ. ಮನೆ ಮಾಲೀಕರಿಗೆ ನೆಂಟರು, ನೆರೆಯವರು, ಬ್ರೋಕರುಗಳು ಎಲ್ಲರೂ ಹೇಳುವ ಮಾತಿದು. ಆದರೆ ಇದು ಕಾನೂನಿನಲ್ಲಿ ಇಲ್ಲದ ಮಾತು. ಇದನ್ನು ನಂಬಿದವರಲ್ಲಿ ಕೆಲವರು ಬೇಡದ ಕಡೆ ಹಣ ಕಳೆಯುತ್ತಾರೆ, ಇನ್ನು ಕೆಲವರು ವಕೀಲರು ನಿಜವಾಗಿ ಬೇಕಾದ ಘಟ್ಟವನ್ನೇ ಗುರುತಿಸದೆ ಹೋಗುತ್ತಾರೆ.

ಕರ್ನಾಟಕದ ನಗರಗಳಲ್ಲಿ ಇಂದಿನ ಬಹುಪಾಲು ಬಾಡಿಗೆ ಮನೆಗಳು 1999ರ ಬಾಡಿಗೆ ಕಾಯಿದೆಯ ಹೊರಗಿವೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯಿದೆ ಅನ್ವಯವಾಗದು. ಇಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಆಧಾರ. ಅದರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳ ಲೆಕ್ಕದ್ದು, ಅದನ್ನು ಕೊನೆಗೊಳಿಸಲು 15 ದಿನಗಳ ನೋಟಿಸ್ ಸಾಕು. ನೋಟಿಸ್ ಬರಹದಲ್ಲಿರಬೇಕು, ಕೊಡುವವರು ಅಥವಾ ಅವರ ಪರವಾಗಿ ಇನ್ನೊಬ್ಬರು ಸಹಿ ಮಾಡಿರಬೇಕು, ಅಂಚೆಯಲ್ಲಿ ಕಳಿಸಿರಬೇಕು ಇಲ್ಲವೇ ಕೈಗೆ ಮುಟ್ಟಿಸಿರಬೇಕು. ‘ಅವರ ಪರವಾಗಿ’ ಎಂಬ ಅವಕಾಶದಲ್ಲಿ ವಕೀಲರು ಬರುತ್ತಾರೆ. ಆದರೆ ಅವರೇ ಬರೆಯಬೇಕು ಎಂಬ ಷರತ್ತು ಕಲಮಿನಲ್ಲಿ ಎಲ್ಲಿಯೂ ಇಲ್ಲ.

ಹಾಗಿದ್ದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ? ಅದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಹಳೆಯ 106ನೇ ಕಲಮಿನಲ್ಲಿ 15 ದಿನಗಳ ನೋಟಿಸ್ ಬಾಡಿಗೆಯ ತಿಂಗಳು ಮುಗಿಯುವ ದಿನಕ್ಕೇ ಮುಗಿಯಬೇಕಿತ್ತು. ಬಾಡಿಗೆ ಆರಂಭವಾದದ್ದು ಒಂದನೇ ತಾರೀಖೋ ಹತ್ತನೇ ತಾರೀಖೋ ಎಂಬ ಲೆಕ್ಕ ತಪ್ಪಿದರೆ ನೋಟಿಸೂ ಬೀಳುತ್ತಿತ್ತು, ಅದನ್ನು ನಂಬಿದ ದಾವೆಯೂ ಬೀಳುತ್ತಿತ್ತು. ಅಂಥ ಕಾಲದಲ್ಲಿ ವಕೀಲರ ಬಳಿ ಹೋದದ್ದು ವಿವೇಕವೇ. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ಈ ಅಪಾಯವನ್ನು ತೆಗೆದುಹಾಕಿತು. ಈಗ 15 ದಿನಗಳ ಎಣಿಕೆ ನೋಟಿಸ್ ಕೈಸೇರಿದ ದಿನದಿಂದ ಶುರುವಾಗುತ್ತದೆ. ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾಗಿದ್ದರೂ, ಕಾಯಿದೆಯ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ಆ ಒಂದು ಕಾರಣಕ್ಕೆ ನೋಟಿಸ್ ಅಸಿಂಧುವಾಗದು. ನಂಬಿಕೆಗೆ ಕಾರಣವಾಗಿದ್ದ ನಿಯಮ ಹೋಯಿತು, ನಂಬಿಕೆ ಮಾತ್ರ ಉಳಿಯಿತು.

ಒಂದು ಊಹೆಯ ಪ್ರಸಂಗ ತೆಗೆದುಕೊಳ್ಳೋಣ. ಮೈಸೂರಿನಲ್ಲಿ ಒಂದು ಮನೆ, ಬಾಡಿಗೆ 18,000 ರೂಪಾಯಿ. 11 ತಿಂಗಳ ಕರಾರುಪತ್ರದ ಅವಧಿ ಮುಗಿದು ವರ್ಷಗಳಾಗಿವೆ, ಹೊಸದು ಮಾಡಿಸಿಲ್ಲ, ಬಾಡಿಗೆ ತಿಂಗಳು ತಿಂಗಳು ಬರುತ್ತಿದೆ. ಮಗಳ ಸಂಸಾರಕ್ಕೆ ಮನೆ ಬೇಕಾಗಿದೆ. ಬಾಡಿಗೆದಾರರೊಂದಿಗೆ ಜಗಳವಿಲ್ಲ. ಇಲ್ಲಿ ಮಾಲೀಕರೇ ಬರೆಯಬಹುದು. ಪತ್ರದಲ್ಲಿ ಇರಬೇಕಾದದ್ದು ಇಷ್ಟು: ಮನೆಯ ಪೂರ್ಣ ವಿಳಾಸ, ಈಗಿನ ಬಾಡಿಗೆ, ಬಾಡಿಗೆ ಸಂಬಂಧವನ್ನು ಕೊನೆಗೊಳಿಸಿದ್ದೇನೆ ಎಂಬ ನೇರ ವಾಕ್ಯ, ಮನೆ ಬಿಟ್ಟುಕೊಡಬೇಕಾದ ದಿನ, ಕೀಲಿ ಕೊಟ್ಟಾಗ ಅಡ್ವಾನ್ಸ್ ಹಿಂತಿರುಗಿಸುವ ಮಾತು. ‘ಅನುಕೂಲವಾದಾಗ ಬೇರೆ ಮನೆ ನೋಡಿಕೊಳ್ಳಿ’ ಎಂದು ಬರೆದರೆ ಅದು ವಿನಂತಿಯಾಗುತ್ತದೆಯೇ ಹೊರತು ನೋಟಿಸ್ ಆಗುವುದಿಲ್ಲ. ಪತ್ರ ಜೂನ್ 4ಕ್ಕೆ ತಲುಪಿದರೆ 15 ದಿನಗಳು 19ಕ್ಕೆ ಮುಗಿಯುತ್ತವೆ. ಜೂನ್ 30ರ ಗಡುವು ಕೊಟ್ಟರೆ ಎಣಿಕೆಯ ತಂಟೆಯೂ ಇಲ್ಲ, ಮನೆ ಹುಡುಕುವವರಿಗೆ ಸಮಯವೂ ಸಿಗುತ್ತದೆ. ಹಳೆಯ ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದರೆ ಎರಡು ತಿಂಗಳನ್ನೇ ಕೊಡುವುದು ಕ್ಷೇಮ.

ಪತ್ರವನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ ನಕಲು, ಅಂಚೆ ರಸೀದಿ ಎರಡನ್ನೂ ಇಟ್ಟುಕೊಳ್ಳಬೇಕು. ಸರಿಯಾದ ವಿಳಾಸಕ್ಕೆ ಹೀಗೆ ಕಳಿಸಿದ್ದು ತಲುಪಿದೆ ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ, ಇಲ್ಲವೆಂದು ತೋರಿಸುವ ಹೊರೆ ಎದುರಿನವರದ್ದು. ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ವಾಪಸ್ಸು ಬಂದರೆ ಒಡೆಯದೆ ಹಾಗೆಯೇ ಇಡಬೇಕು. ವಾಟ್ಸ್ಆ್ಯಪ್‌ನಲ್ಲಿ ಒಂದು ಪ್ರತಿ ಕಳಿಸಲು ಅಡ್ಡಿಯಿಲ್ಲ, ಆದರೆ ಅದು ಅಂಚೆಗೆ ಬದಲಿಯಲ್ಲ. ಭಾಷೆಯ ಬಗ್ಗೆಯೂ ಅಂಜಬೇಕಿಲ್ಲ. ತಪ್ಪು ಹುಡುಕುವ ಕಣ್ಣಿನಿಂದ ನೋಟಿಸನ್ನು ಓದಬಾರದು, ಪಡೆದವರಿಗೆ ಅರ್ಥವಾಗುವಂತಿದ್ದರೆ ಸಾಕು ಎಂದು ಪ್ರಿವಿ ಕೌನ್ಸಿಲ್ 1918ರಲ್ಲೇ ಹೇಳಿದೆ.

‘ವಕೀಲರ ಹೆಸರು ಕಂಡರೆ ಹೆದರಿ ಬಿಡುತ್ತಾರೆ, ಅದೇ ಲಾಭವಲ್ಲವೇ?’ ಎಂದು ಕೇಳುವವರಿದ್ದಾರೆ. ಸತಾಯಿಸುತ್ತಿರುವವರ ವಿಷಯದಲ್ಲಿ ಈ ಮಾತು ನಿಜವಿರಬಹುದು. ಬಿಡಲು ಒಪ್ಪುವ ಮನಸ್ಸಿರುವವರಿಗೆ ಅಂಥ ಕಾಗದ ಹೋದರೆ ಅವರೂ ಒಬ್ಬ ವಕೀಲರನ್ನು ಹುಡುಕುತ್ತಾರೆ. ಉತ್ತರದಲ್ಲಿ ಪ್ರತಿಯೊಂದು ಸಂಗತಿಯನ್ನೂ ಅಲ್ಲಗಳೆಯುತ್ತಾರೆ. ಮಾತಿನಲ್ಲಿ ಮುಗಿಯಬಹುದಾಗಿದ್ದ ವಿಷಯಕ್ಕೆ ಎರಡು ಕಡತಗಳು ಹುಟ್ಟುತ್ತವೆ.

ವಕೀಲರು ಬೇಕಾಗುವುದು ಬರೆಯುವ ಮೊದಲೇ ಕಾನೂನಿನ ತೀರ್ಮಾನವೊಂದನ್ನು ಮಾಡಬೇಕಾದಾಗ. ಅದೇ ಮೈಸೂರಿನಲ್ಲಿ ಒಬ್ಬರು ಮಸಾಲೆ ಪುಡಿ ತಯಾರಿಸಲು ಮಳಿಗೆ ಕೊಟ್ಟಿದ್ದಾರೆ ಎನ್ನಿ. ತಯಾರಿಕೆಗೆ ಕೊಟ್ಟ ಜಾಗದ ಬಾಡಿಗೆ ವರ್ಷದ ಲೆಕ್ಕದ್ದು, ಆರು ತಿಂಗಳ ನೋಟಿಸ್ ಬೇಕು ಎನ್ನುತ್ತದೆ 106. ವರ್ಷದ ಲೆಕ್ಕದ ಬಾಡಿಗೆಯ ಕರಾರು ನೋಂದಣಿಯಾಗಿರಬೇಕು ಎನ್ನುತ್ತದೆ 107. ನೋಂದಣಿ ಇಲ್ಲದಿದ್ದರೆ ಬಾಡಿಗೆ ತಿಂಗಳಿನದ್ದೇ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ತಳೆದಿದೆ. 15 ದಿನವೋ ಆರು ತಿಂಗಳೋ ಎಂಬುದು ಕರಾರುಪತ್ರ ಓದಿಯೇ ತಿಳಿಯಬೇಕು. ಅವಧಿ ಇನ್ನೂ ಬಾಕಿಯಿರುವ ನೋಂದಾಯಿತ ಕರಾರನ್ನು ಷರತ್ತು ಮುರಿದ ಕಾರಣಕ್ಕೆ ರದ್ದು ಮಾಡುವಾಗಲೂ ಹೀಗೆಯೇ. ಯಾವ ಷರತ್ತು ಮುರಿದಿದೆ, ಅದನ್ನು ಸರಿಪಡಿಸಲು ಅವಕಾಶ ಕೊಡಬೇಕೇ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಮಾಲೀಕರು ತೀರಿಕೊಂಡು ವಾರಸುದಾರರು ಹಲವರಿದ್ದರೆ, ಒಳಬಾಡಿಗೆಯವರು ಸೇರಿಕೊಂಡಿದ್ದರೆ, ನೋಟಿಸ್ ಯಾರ ಹೆಸರಿನಲ್ಲಿ ಯಾರಿಗೆ ಎಂಬುದೇ ಪ್ರಶ್ನೆ. ಇಲ್ಲೆಲ್ಲ ವಕೀಲರ ಶುಲ್ಕ ದಂಡವಲ್ಲ.

ಇನ್ನೊಂದು ಘಟ್ಟ ಗಡುವು ಮುಗಿದ ಮರುದಿನ ಬರುತ್ತದೆ. ಅದನ್ನು ಹೆಚ್ಚಿನವರು ಕಾಣುವುದೇ ಇಲ್ಲ. ನೋಟಿಸ್ ಕೊಟ್ಟ ಮೇಲೂ ಬಾಡಿಗೆ ಮುಂದುವರಿದಿದೆ ಎಂಬ ಉದ್ದೇಶ ತೋರುವಂತೆ ಮಾಲೀಕರು ನಡೆದುಕೊಂಡರೆ ನೋಟಿಸನ್ನು ಬಿಟ್ಟುಕೊಟ್ಟಂತೆ ಎನ್ನುತ್ತದೆ 113ನೇ ಕಲಮು. ಅದೇ ಕಾಯಿದೆ ಎರಡು ಉದಾಹರಣೆ ಕೊಡುತ್ತದೆ: ಗಡುವಿನ ನಂತರದ ಬಾಡಿಗೆಯನ್ನು ಪಡೆಯುವುದು, ಬಾಡಿಗೆದಾರರೆಂದೇ ಕರೆದು ಎರಡನೇ ನೋಟಿಸ್ ಕೊಡುವುದು. ಬಾಡಿಗೆ ಪಡೆದ ಮಾತ್ರಕ್ಕೇ ಹಾಗಾಗದು, ಉದ್ದೇಶ ಮುಖ್ಯ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದರೂ ವಾದಕ್ಕೆ ದಾರಿ ತೆರೆದಂತೆಯೇ. ಜುಲೈ 5ಕ್ಕೆ ಯುಪಿಐಯಲ್ಲಿ ಹಣ ಬಂದು ಬಿದ್ದರೆ, ಇದು ಬಾಡಿಗೆಯಲ್ಲ, ಜಾಗ ಬಳಸಿದ್ದಕ್ಕೆ ನಷ್ಟಭರ್ತಿ ಎಂದು ಅದೇ ದಿನ ಬರೆದು ತಿಳಿಸಬೇಕು.

ಬಾಡಿಗೆದಾರರು ಹೋಗದೆ ಉಳಿದರೆ ವಕೀಲರ ಬಳಿ ಹೋಗಬೇಕಾದದ್ದು ಆಗಲೇ, ಮೊದಲ ಪತ್ರದ ನಕಲಿನೊಂದಿಗೆ. ಆ ಪತ್ರವನ್ನು ಮುಚ್ಚಿಟ್ಟು ಹೊಸ ನೋಟಿಸ್ ಹೊರಡಿಸಿದರೆ ಎಚ್ಚರಿಕೆಗೆಂದು ತೆಗೆದುಕೊಂಡ ಲಾಯರ್ ನೋಟಿಸೇ ಹಳೆಯ ನೋಟಿಸನ್ನು ಕೆಡವುವ ಸಾಧನವಾಗಬಹುದು. ಪತ್ರ ಸರಿಯಿದ್ದರೆ, ಬಾಡಿಗೆ ಸಂಬಂಧ ಜೂನ್ 30ಕ್ಕೇ ಮುಗಿದಿದೆ ಎಂದು ಅದರ ಮೇಲೆ ನಿಂತೇ ವಕೀಲರು ಬರೆಯುತ್ತಾರೆ. ಪತ್ರ ದುರ್ಬಲವಾಗಿದ್ದರೆ ಅದನ್ನು ಬಿಟ್ಟು ಹೊಸದಾಗಿ ಶುರು ಮಾಡುತ್ತಾರೆ. ಈ ಆಯ್ಕೆ ಅವರದ್ದಾಗಿರಬೇಕು, ಆಕಸ್ಮಿಕದ್ದಲ್ಲ.

ಆದ್ದರಿಂದ ಪತ್ರವೋ ಲಾಯರ್ ನೋಟಿಸೋ ಎಂಬುದನ್ನು ಬೆಲೆಯ ಪ್ರಶ್ನೆಯಾಗಿ ನೋಡಬಾರದು. ಬಾಡಿಗೆ ಯಾವ ಬಗೆಯದು, ಅವಧಿ ಎಷ್ಟು, ಕೊಡುವವರು ಯಾರು ಎಂಬುದರಲ್ಲಿ ಸಂಶಯವಿಲ್ಲದಿದ್ದರೆ ನಿಮ್ಮ ಪತ್ರವೇ ಪೂರ್ಣ ನೋಟಿಸ್. ಈ ಮೂರರಲ್ಲಿ ಒಂದಕ್ಕಾದರೂ ಉತ್ತರ ಗೊತ್ತಿಲ್ಲದಿದ್ದರೆ, ಮೊದಲ ಕಾಗದ ಹೊರಡುವ ಮುನ್ನವೇ ವಕೀಲರ ಬಳಿ ಹೋಗಿ.