ಹರ್ಟ್ಸ್ ಹೇಳುವ ಅರ್ಧಸತ್ಯ

ಪರದೆಯು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸುತ್ತದೆ ಎಂಬುದು ಅದರ ರಿಫ್ರೆಶ್ ರೇಟ್. 60 ಹರ್ಟ್ಸ್ ಪರದೆಯಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಂದು ಚಿತ್ರ ಬಂದರೆ, 144 ಹರ್ಟ್ಸ್‌ನಲ್ಲಿ 6.9 ಮಿಲಿಸೆಕೆಂಡಿಗೊಂದು ಬರುತ್ತದೆ. ರೆಸ್ಪಾನ್ಸ್ ಟೈಮ್ ಬೇರೆಯದೇ ಅಳತೆ: ಒಂದು ಪಿಕ್ಸೆಲ್ ಒಂದು ಛಾಯೆಯಿಂದ ಇನ್ನೊಂದಕ್ಕೆ ಬದಲಾಗಲು ತೆಗೆದುಕೊಳ್ಳುವ ಸಮಯ. ಎಲ್‌ಸಿಡಿ ಪರದೆಯಲ್ಲಿ ದ್ರವಸ್ಫಟಿಕದ ಅಣುಗಳು ಹೊರಳಬೇಕಾದ್ದರಿಂದ ಈ ಬದಲಾವಣೆ ಕ್ಷಣಾರ್ಧದಲ್ಲಿ ಮುಗಿಯುವುದಿಲ್ಲ.

ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳ ದೌರ್ಬಲ್ಯ ಇರುವುದು ಇಲ್ಲೇ. 144 ಹರ್ಟ್ಸ್ ಎಂದು ಮಾರುವ ಪರದೆಯೊಂದರ ಪಿಕ್ಸೆಲ್ ಬದಲಾಗಲು 20 ಮಿಲಿಸೆಕೆಂಡ್ ಬೇಕು ಎಂದುಕೊಳ್ಳೋಣ. ಮೊದಲ ಚಿತ್ರದ ಬಣ್ಣ ಪೂರ್ತಿ ಮೂಡುವಷ್ಟರಲ್ಲಿ ಇನ್ನೂ ಎರಡು ಚಿತ್ರಗಳು ಬಂದಿರುತ್ತವೆ. ಓಡುವ ಎದುರಾಳಿಯ ಹಿಂದೆ ಮಸುಕಾದ ನೆರಳು ಎಳೆದಂತೆ ಕಾಣುತ್ತದೆ. ಇದನ್ನು ಗೋಸ್ಟಿಂಗ್ ಎನ್ನುತ್ತಾರೆ. ಪರದೆ ಚುರುಕಾಗಿದ್ದರೂ ಚಿತ್ರ ಸ್ಪಷ್ಟವಾಗುವುದಿಲ್ಲ.

ಜಾಹೀರಾತಿನ 3 ಮಿಲಿಸೆಕೆಂಡ್ ಎಂಬ ಅಂಕಿಯೂ ಇದಕ್ಕೆ ಭರವಸೆಯಲ್ಲ. ಅದು ಹೆಚ್ಚಾಗಿ ಓವರ್‌ಡ್ರೈವ್ ಬಳಸಿ, ಅತಿ ವೇಗವಾಗಿ ಬದಲಾಗುವ ಛಾಯೆಗಳಲ್ಲಿ ಅಳೆದದ್ದು. ಓವರ್‌ಡ್ರೈವ್ ಎಂದರೆ ಪಿಕ್ಸೆಲ್‌ಗೆ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೊಟ್ಟು ಅವಸರಪಡಿಸುವುದು. ಇದು ಅತಿಯಾದರೆ ಬಣ್ಣ ಗುರಿ ಮೀರಿ, ವಸ್ತುವಿನ ಹಿಂದೆ ತಿಳಿಯಾದ ಅಂಚೊಂದು ಹೊಳೆಯುತ್ತದೆ. testufo.com ತಾಣದಲ್ಲಿ ಚಲಿಸುವ ಚಿತ್ರವನ್ನು ಕಣ್ಣಿನಿಂದ ಹಿಂಬಾಲಿಸಿದರೆ ಈ ಎರಡೂ ದೋಷಗಳನ್ನು ಗುರುತಿಸಬಹುದು. ಓಎಲ್‌ಇಡಿ ಪರದೆಗಳಲ್ಲಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಬದಲಾವಣೆಗೆ 1 ಮಿಲಿಸೆಕೆಂಡಿಗಿಂತಲೂ ಕಡಿಮೆ ಸಾಕು.

ಗ್ರಾಫಿಕ್ಸ್ ಚಿಪ್‌ನ ಮಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಟದಲ್ಲಿ ಅದು ಸೆಕೆಂಡಿಗೆ 50 ಚಿತ್ರಗಳನ್ನಷ್ಟೇ ತಯಾರಿಸುತ್ತಿದ್ದರೆ, 144 ಹರ್ಟ್ಸ್ ಪರದೆ ಹಳೆಯ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತದೆ.

ಕಚೇರಿ ಕೆಲಸದ ಲೆಕ್ಕ ಬೇರೆ. ಎಕ್ಸೆಲ್ ಹಾಳೆಯಾಗಲಿ ಪತ್ರವಾಗಲಿ ಬಹುಪಾಲು ಸಮಯ ನಿಶ್ಚಲವಾಗಿರುವುದರಿಂದ ನಿಧಾನದ ಪಿಕ್ಸೆಲ್ ಅಡ್ಡಿಯಾಗುವುದಿಲ್ಲ. ಪುಟ ಸರಿಸುವಾಗ, ಮೌಸ್ ಆಡಿಸುವಾಗ 90 ಅಥವಾ 120 ಹರ್ಟ್ಸ್ ನಯವಾಗಿ ಕಾಣುವುದು ನಿಜ; ಆದರೆ ಅದಕ್ಕೆ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ. ವಿಂಡೋಸ್ 11ರಲ್ಲಿ Settings > System > Display > Advanced display ಎಂಬಲ್ಲಿ ರಿಫ್ರೆಶ್ ರೇಟನ್ನು 60ಕ್ಕೆ ಇಳಿಸಬಹುದು. 144 ಹರ್ಟ್ಸ್ ಲ್ಯಾಪ್‌ಟಾಪ್ ಕೊಂಡವರೂ ಒಮ್ಮೆ ಇಲ್ಲಿ ನೋಡಬೇಕು, ಕೆಲವೊಮ್ಮೆ ಅದು 60ರಲ್ಲೇ ಉಳಿದಿರುತ್ತದೆ.

ಆಟಕ್ಕೆ ಕೊಳ್ಳುವವರು ಹರ್ಟ್ಸ್ ಅಂಕಿಯನ್ನು ಮಾತ್ರ ನಂಬದೆ, ಸ್ವತಂತ್ರ ವಿಮರ್ಶೆಗಳು ಅಳೆದು ತಿಳಿಸಿದ ರೆಸ್ಪಾನ್ಸ್ ಟೈಮ್ ಎರಡು ಚಿತ್ರಗಳ ನಡುವಿನ ಅಂತರದೊಳಗೆ ಹೊಂದುತ್ತದೆಯೇ ಎಂದು ನೋಡಬೇಕು. ಕಚೇರಿ ಕೆಲಸಕ್ಕೆ 60 ಹರ್ಟ್ಸ್ ಸಾಕು. ಉಳಿಯುವ ಹಣವನ್ನು ಹೆಚ್ಚು ಬೆಳಕಿನ, ಅಕ್ಷರ ಸ್ಪಷ್ಟವಾಗಿ ಕಾಣುವ ಪರದೆಗೆ ಹಾಕುವುದೇ ಲಾಭ.