ಬೋರ್ಡು ನೋಡಿ ಫಾಂಟು ಹೇಳುವುದು

ವಾಟ್ಸಾಪಿನಲ್ಲಿ ಒಂದು ಫೋಟೋ ಬರುತ್ತದೆ, ಜೊತೆಗೆ ಒಂದೇ ಸಾಲು: ‘ಇದು ಯಾವ ಫಾಂಟು?’ ಕೇಳಿದವರು ಬಹುಮಟ್ಟಿಗೆ ಹೊಸ ಅಂಗಡಿ ಹಾಕುವವರು, ಇಲ್ಲವೇ ಅವರಿಗೆ ಬೋರ್ಡು ಮಾಡಿಕೊಡುವವರು. ಅವರ ಕಣ್ಣಿಗೆ ಹಿಡಿಸಿದ್ದು ಬೋರ್ಡಿನ ಒಟ್ಟು ನೋಟ. ಅದರಲ್ಲಿ ಫಾಂಟಿನ ಪಾಲು ಅರ್ಧ ಇದ್ದರೆ ಹೆಚ್ಚು. ಮಿಕ್ಕಿದ್ದು ಅಕ್ಷರವನ್ನು ಹಿಗ್ಗಿಸಿದ ರೀತಿ, ಸುತ್ತಲಿನ ಅಂಚು ಮತ್ತು ಬಣ್ಣ. ಬರೀ ಫಾಂಟಿನ ಹೆಸರು ಹೇಳಿ ಕಳಿಸಿದರೆ ಅವರು ಟೈಪ್ ಮಾಡಿ ನೋಡಿ, ‘ಇದಲ್ಲ ಸಾರ್, ಅದು ಬೇರೆ ಥರ ಇತ್ತು’ ಎಂದು ವಾಪಸು ಬರುತ್ತಾರೆ. ಹಾಗಾಗಿ ಕೇಳದಿದ್ದರೂ ಬಣ್ಣವನ್ನು ಸೇರಿಸಿಯೇ ಉತ್ತರ ಕೊಡುವುದು ಒಳ್ಳೆಯದು.

ಒಂದು ಬೋರ್ಡನ್ನೇ ಇಟ್ಟುಕೊಂಡು ನೋಡೋಣ. ಮೆರೂನ್ ಹಿನ್ನೆಲೆ, ಹಳದಿ ಅಕ್ಷರ, ಅದಕ್ಕೆ ಬಿಳಿ ಅಂಚು. ‘ಕಾವೇರಿ ಕಾಫಿ ಪುಡಿ ಅಂಗಡಿ’ ಎಂದಿದೆ, ಕೆಳಗೆ ಚಿಕ್ಕದಾಗಿ ಅದೇ ಹೆಸರು ಇಂಗ್ಲಿಷಿನಲ್ಲಿ. ಫೋಟೋ ತೆಗೆದದ್ದು ಸಂಜೆ, ಪಕ್ಕದ ಅಂಗಡಿಯ ಹಳದಿ ದೀಪದ ಬೆಳಕಿನಲ್ಲಿ.

ಇದು ಫಾಂಟೋ, ಕೈಬರಹವೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಎರಡು ಸಲ ಬಂದಿರುವ ಅಕ್ಷರವನ್ನು ಹುಡುಕಿ. ಇಲ್ಲಿ ‘ಕಾ’ ಎರಡು ಸಲ ಇದೆ, ‘ಡಿ’ ಕೂಡ. ಒಂದು ‘ಡಿ’ಯನ್ನು ಕತ್ತರಿಸಿ ಇನ್ನೊಂದರ ಮೇಲೆ ಇಡಿ. ಪೇಂಟರು ಎಷ್ಟೇ ಪಳಗಿದ ಕೈಯವರಾದರೂ ಗುಡಿಸಿನ ಸುರುಳಿ ಎಲ್ಲೋ ಒಂದೆಳೆ ಆಚೀಚೆಯಾಗುತ್ತದೆ. ಫಾಂಟಾದರೆ ಅಚ್ಚೊತ್ತಿದಂತೆ ಕೂರುತ್ತದೆ. ನಮ್ಮ ಬೋರ್ಡಿನಲ್ಲಿ ಕೂತಿತು, ಮುಂದೆ ಹೋಗೋಣ.

ಇನ್ನು ಹಿಗ್ಗಿಸಿದ್ದು. ಬೋರ್ಡು ಅಗಲವಾಗಿದ್ದು ಹೆಸರು ಚಿಕ್ಕದಾಗಿದ್ದರೆ ಡಿಟಿಪಿಯವರು ಅಕ್ಷರವನ್ನು ಮೌಸಿನಿಂದ ಹಿಡಿದು ಅಡ್ಡಕ್ಕೆ ಎಳೆದುಬಿಡುತ್ತಾರೆ. ಹಾಗೆ ಎಳೆದಾಗ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ. ಕನ್ನಡದಲ್ಲಿ ಇದನ್ನು ಹಿಡಿದುಕೊಡುವುದು ಅನುಸ್ವಾರ. ‘ಅಂಗಡಿ’ಯ ಸೊನ್ನೆ ದುಂಡಗಿರಬೇಕಾದದ್ದು ಇಲ್ಲಿ ಮೊಟ್ಟೆಯಾಗಿದೆ. ಎತ್ತರ 40 ಪಿಕ್ಸೆಲ್, ಅಗಲ 52. ಅಂದರೆ ಅಡ್ಡಕ್ಕೆ ಸುಮಾರು 130 ಪ್ರತಿಶತ ಎಳೆದಿದ್ದಾರೆ. ಆದರೆ ಈ ಲೆಕ್ಕ ನಡೆಯುವುದು ಫೋಟೋ ಎದುರಿಗೆ ನಿಂತು ತೆಗೆದದ್ದಾದರೆ ಮಾತ್ರ. ಓರೆಯಿಂದ ತೆಗೆದಿದ್ದರೆ ಅಕ್ಷರಗಳೂ ಅಡ್ಡಕ್ಕೆ ಕುಗ್ಗಿರುತ್ತವೆ. ನಾಲ್ಕು ಮೂಲೆ ಹಿಡಿದು ಚೌಕ ಮಾಡಬಹುದು, ಆದರೆ ಬೋರ್ಡಿನ ನಿಜವಾದ ಉದ್ದಗಲ ಗೊತ್ತಿಲ್ಲದೆ ಎಷ್ಟಕ್ಕೆ ಚೌಕ ಮಾಡುವುದು? ‘ಎಷ್ಟು ಅಡಿಗೆ ಎಷ್ಟು ಅಡಿ ಬೋರ್ಡು?’ ಎಂದು ಕೇಳಿಬಿಡಿ. ಕೇಳುವುದರಲ್ಲಿ ನಾಚಿಕೆ ಬೇಡ.

ಈಗ ಅಕ್ಷರದ ಮೈಗೆ ಬರೋಣ. ಎಲ್ಲ ಅಕ್ಷರಗಳೂ ಗುರುತು ಹೇಳುವುದಿಲ್ಲ. ‘ರಿ’ ಹೆಚ್ಚುಕಡಿಮೆ ಎಲ್ಲ ಫಾಂಟಿನಲ್ಲೂ ಒಂದೇ ಥರ ಕಾಣುತ್ತದೆ. ಜಾತಕ ಬಿಚ್ಚಿಡುವುದು ‘ಪು’. ಪ ಮತ್ತು ವಗಳಿಗೆ ಕೊಂಬು ಕೊಡುವಾಗ ಅದು ಮಿಕ್ಕ ಅಕ್ಷರಗಳಂತೆ ಬಲ ಮಗ್ಗುಲಿನಿಂದ ನೇರ ಹೊರಡುವುದಿಲ್ಲ, ಬುಡದಿಂದ ಕೆಳಗಿಳಿದು ಸುತ್ತಿ ಮೇಲೇಳುತ್ತದೆ. ಹಾಗೆ ಮಾಡದಿದ್ದರೆ ‘ವು’ ಹೋಗಿ ‘ಮ’ ಆದೀತು. ಆ ಕೊಂಬು ಎಷ್ಟು ಕೆಳಗಿಳಿಯುತ್ತದೆ, ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೆ, ತುದಿ ಮೊಂಡೋ ದುಂಡೋ ಎಂಬುದನ್ನು ಒಬ್ಬೊಬ್ಬ ವಿನ್ಯಾಸಕರು ಒಂದೊಂದು ರೀತಿ ಬಗೆಹರಿಸಿಕೊಂಡಿರುತ್ತಾರೆ. ‘ಫಿ’ಯಲ್ಲಿ ಹೊಟ್ಟೆ ಸೀಳುವ ಗೀಟೂ ಹಾಗೆಯೇ, ಕೆಲವರು ಉದ್ದ ಎಳೆಯುತ್ತಾರೆ, ಕೆಲವರು ಚುಕ್ಕೆಯಷ್ಟು ಬಿಡುತ್ತಾರೆ.

‘ಕಾ’ದಲ್ಲಿ ದೀರ್ಘ ಸೇರುವ ಜಾಗವನ್ನು ದೊಡ್ಡದು ಮಾಡಿ ನೋಡಿ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಅಕ್ಷರಗಳನ್ನು ತುಂಡು ತುಂಡಾಗಿ ಪಕ್ಕಪಕ್ಕ ಜೋಡಿಸುತ್ತಾರೆ. ಕೋರೆಲ್‌ಡ್ರಾದಲ್ಲಿ ಅದಕ್ಕೆ ಅಂಚು ಕೊಟ್ಟಾಗ ತುಂಡುಗಳನ್ನು ಬೆಸೆಯದೆ ಬಿಟ್ಟರೆ ಅಂಚಿನ ಗೆರೆ ಅಕ್ಷರದ ಹೊಟ್ಟೆಯೊಳಗೇ ಹಾಯ್ದುಹೋಗುತ್ತದೆ. ಊರೂರಿನ ಬೋರ್ಡುಗಳಲ್ಲಿ ಇದು ಧಾರಾಳ. ಕಂಡರೆ ಹಳೆಯ ಫಾಂಟಿನ ಮೇಲೆ ಗುಮಾನಿ ಪಡಬಹುದು, ಕಾಣದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಅಚ್ಚುಕಟ್ಟಾಗಿ ಬೆಸೆದಿರಬಹುದು.

ನಮ್ಮ ಬೋರ್ಡಿನಲ್ಲಿ ಗೆರೆ ಕಾಣಲಿಲ್ಲ. ಅಕ್ಷರ ದಪ್ಪ, ಪ್ರತಿ ತುದಿಯೂ ಗುಂಡಗೆ. ಸುಳಿವು ಸಿಕ್ಕಿದ್ದು ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ: ಅದರ ತುದಿಗಳೂ ಹಾಗೆಯೇ ಗುಂಡಗೆ. ಕನ್ನಡ ಒಂದು ಫಾಂಟಿನಲ್ಲಿ, ಇಂಗ್ಲಿಷ್ ಏರಿಯಲ್‌ನಲ್ಲಿ ಇದ್ದಿದ್ದರೆ ಎರಡೂ ಬೇರೆ ಬೇರೆ ಮನೆಯವೆಂದು ಕಣ್ಣಿಗೆ ಹೊಡೆಯುತ್ತಿತ್ತು. ಎರಡೂ ಲಿಪಿ ಒಂದೇ ಕೈಯಲ್ಲಿ ಮೂಡಿದಂತಿದ್ದರೆ ಹುಡುಕಬೇಕಾದ್ದು ಹಲವು ಲಿಪಿಗಳಿಗೆಂದೇ ಮಾಡಿದ ಕುಟುಂಬಗಳಲ್ಲಿ: ನೋಟೋ, ಅನೇಕ್, ಬಲೂ. ನೋಟೋದ ತುದಿ ಇಷ್ಟು ಗುಂಡಗಿಲ್ಲ. ಅನೇಕ್‌ನಲ್ಲಿ ಅಗಲದ ನಮೂನೆಗಳೇ ಇವೆ, ಹಾಗಾಗಿ ಅದನ್ನು ಎಳೆಯುವ ಅಗತ್ಯ ಕಡಿಮೆ. ಉಳಿದದ್ದು ಏಕ್ ಟೈಪ್ ಸಂಸ್ಥೆಯವರ ಬಲೂ ತಮ್ಮ. ಗೂಗಲ್ ಫಾಂಟ್ಸ್‌ನಲ್ಲಿ Baloo Tamma 2 ಎಂದು ಹುಡುಕಿದರೆ ಪುಕ್ಕಟೆ ಸಿಗುತ್ತದೆ.

ಇಷ್ಟಕ್ಕೇ ಉತ್ತರ ಕಳಿಸಬೇಡಿ. ಅದೇ ಸಾಲನ್ನು ಆ ಫಾಂಟಿನಲ್ಲಿ ಟೈಪ್ ಮಾಡಿ, ಅಡ್ಡಕ್ಕೆ 130 ಪ್ರತಿಶತ ಎಳೆದು, ಅರ್ಧ ಪಾರದರ್ಶಕ ಮಾಡಿ ಫೋಟೋದ ಮೇಲೆ ಇಡಿ. ಅಂಚು ಅಕ್ಷರವನ್ನು ದಪ್ಪ ತೋರಿಸುತ್ತದಾದ್ದರಿಂದ ಹಳದಿಯ ಮೇರೆಗೆ ಹೊಂದಿಸಿ, ಬಿಳಿಯ ಮೇರೆಗಲ್ಲ. ‘ಪು’ವಿನ ಕೊಂಬು, ‘ಫಿ’ಯ ಸೀಳು, ‘ಕಾ’ದ ಕೂಡಿಕೆ ಮೂರೂ ಕೂತರೆ ಹೆಸರು ಹೇಳಿ. ಎರಡು ಕೂತು ಒಂದು ತಪ್ಪಿದರೆ ‘ಹತ್ತಿರದ್ದು’ ಎನ್ನಿ.

ಬಣ್ಣದಲ್ಲಿ ಹೊಸಬರು ಎಡವುವುದು ಪಿಕರ್ ಒತ್ತಿ ಬಂದ ಕೋಡನ್ನೇ ಕಳಿಸಿದಾಗ. ಆ ಕೋಡು ಹೇಳುವುದು ಫೋಟೋದ ಬಣ್ಣವನ್ನು, ಬೋರ್ಡಿನದನ್ನಲ್ಲ. ವಾಟ್ಸಾಪಿನ ಫೋಟೋದಲ್ಲಿ ಅಂಚಿನ ಬಳಿ ಬಣ್ಣಗಳು ಒಂದರೊಳಗೊಂದು ಕಲೆಸಿರುತ್ತವೆ, ಆದ್ದರಿಂದ ದಪ್ಪ ಗೆರೆಯ ನಟ್ಟನಡುವೆ ಹತ್ತಾರು ಪಿಕ್ಸೆಲ್‌ಗಳ ಸರಾಸರಿ ತೆಗೆಯಿರಿ. ಬಳಿಕ ಬಿಳಿಯನ್ನು ಸಾಕ್ಷಿಗೆ ಕರೆಯಿರಿ. ಇಲ್ಲಿ ಬಿಳಿ ಅಂಚಿನ ಕೆಂಪು-ಹಸಿರು-ನೀಲಿ ಅಂಕಿಗಳು 214, 206, 178. ನೀಲಿ ಸೊರಗಿದೆ, ದೀಪದ ಹಳದಿ ಬಿದ್ದಿದೆ. ಬೋರ್ಡಿನ ಬಿಳಿಯನ್ನು 240 ಎಂದು ಹಿಡಿದರೆ ಪ್ರತಿ ಅಂಕಿಯನ್ನೂ 240ಕ್ಕೆ ತರಲು ಎಷ್ಟರಿಂದ ಗುಣಿಸಬೇಕೋ ಅಷ್ಟರಿಂದಲೇ ಮಿಕ್ಕ ಬಣ್ಣಗಳನ್ನೂ ಗುಣಿಸಬೇಕು. ಹಳದಿ 222, 176, 40 ಇದ್ದದ್ದು 249, 205, 54 ಆಗುತ್ತದೆ, ಅಂದರೆ #F9CD36. ಮೆರೂನ್ 104, 30, 34 ಇದ್ದದ್ದು 117, 35, 46, ಅಂದರೆ #75232E. ಇದು ಅಂದಾಜು, ಆದರೂ ಕಣ್ಣಳತೆಗಿಂತ ಎಷ್ಟೋ ವಾಸಿ.

ಬಿಸಿಲು ತಿಂದ ಫ್ಲೆಕ್ಸಿನ ಮುಂದೆ ಈ ಲೆಕ್ಕವೂ ಸೋಲುತ್ತದೆ. ಕೆಂಪು, ಹಳದಿ ಮೊದಲು ಹಾರಿಹೋಗುತ್ತವೆ, ನೀಲಿ ತಡವಾಗಿ. ಹಳೆಯ ಬೋರ್ಡುಗಳೆಲ್ಲ ನೀಲಿಗಟ್ಟಿದಂತೆ ಕಾಣುವುದು ಇದರಿಂದಲೇ. ಮಾಡಿನ ನೆರಳಿನಲ್ಲೋ ಫ್ರೇಮಿನ ಮಡಿಕೆಯಲ್ಲೋ ಉಳಿದ ತುಂಡು ಕಂಡರೆ ಅಲ್ಲಿಂದ ಬಣ್ಣ ತೆಗೆಯಿರಿ. ಒಳಗೆ ದೀಪ ಉರಿಯುವ ಎಲ್‌ಇಡಿ ಅಕ್ಷರಗಳ ನಡುಭಾಗ ಫೋಟೋದಲ್ಲಿ ಸುಟ್ಟು ಬಿಳಿಯಾಗಿರುತ್ತದೆ. ಅಂಥದ್ದಕ್ಕೆ ಹಗಲಿನ ಫೋಟೋ ಕೇಳುವುದೊಂದೇ ದಾರಿ.

ಉತ್ತರ ಹೀಗಿರಲಿ: ‘ಬಲೂ ತಮ್ಮ 2, ಎಕ್ಸ್‌ಟ್ರಾ ಬೋಲ್ಡ್, ಅಡ್ಡಕ್ಕೆ 130 ಪ್ರತಿಶತ. ಅಕ್ಷರ #F9CD36, ಹಿನ್ನೆಲೆ #75232E, ಅಂಚು ಬಿಳಿ. ಬಣ್ಣ ಅಂದಾಜು, ಪ್ರಿಂಟಿಗೆ ಮುಂಚೆ ಒಂದು ತುಂಡು ಹೊಡೆಸಿ ನೋಡಿ.’ ಎರಡು ‘ಡಿ’ಗಳು ಒಂದರ ಮೇಲೊಂದು ಕೂರದೆ ಹೋಗಿದ್ದರೆ ಫಾಂಟು ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಆಗ ಬೋರ್ಡಿನ ಕೆಳಮೂಲೆಯನ್ನು ದೊಡ್ಡದು ಮಾಡಿ ನೋಡಬೇಕು. ಎಷ್ಟೋ ಪೇಂಟರುಗಳು ಅಲ್ಲಿ ತಮ್ಮ ‘ಆರ್ಟ್ಸ್’ನ ಹೆಸರು, ಫೋನ್ ನಂಬರು ಬರೆದಿರುತ್ತಾರೆ. ಕೇಳಿದವರಿಗೆ ಆ ಮೂಲೆ ತೋರಿಸಿ, ಅವರಿಂದಲೇ ಬರೆಸಿಕೊಳ್ಳಲಿ.