ಟೈಮರ್ ತಾಳಕ್ಕೆ ಸೀರಿಯಲ್ ಮಾತು

ಎಂಟೇ ಕಾಲುಗಳ ಎಟಿಟೈನಿ85 ಚಿಪ್‌ನಲ್ಲಿ ಯುಎಆರ್‌ಟಿ ಇಲ್ಲ. ಆದರೂ ಒಂದು ಸಾಮಾನ್ಯ ಪಿನ್ನನ್ನು ಹೊತ್ತಿಗೆ ಸರಿಯಾಗಿ ಏರಿಸಿ ಇಳಿಸಿದರೆ ಅದು 9600 ಬಾಡ್‌ನಲ್ಲಿ ಮಾತಾಡುತ್ತದೆ. ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿದರೆ ಟೈಮರ್ ಮೈಕ್ರೋಸೆಕೆಂಡಿಗೊಮ್ಮೆ ಎಣಿಸುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ `OCR0A`ಗೆ 103 ಕೊಟ್ಟರೆ ಸಾಕು.

ನನಗೆ ಇಷ್ಟವಾಗುವುದು ಇಂಟರಪ್ಟ್ ಒಳಗಿನ ಕ್ರಮ. ಹಿಂದಿನ ಸಲವೇ ಸಿದ್ಧವಾಗಿದ್ದ ಬಿಟ್ಟನ್ನು ಮೊದಲು ಪಿನ್ನಿಗೆ ಹಾಕಬೇಕು, ಮುಂದಿನದರ ಲೆಕ್ಕ ಆಮೇಲೆ. ಹೀಗಾದರೆ ಲೆಕ್ಕಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆಯಾದರೂ, ಅದು ಒಂದು ಬಿಟ್‌ನ ಅವಧಿಯನ್ನು ಮೀರದಿರುವವರೆಗೆ ಬಿಟ್‌ಗಳ ಅಂಚು ಅಲುಗುವುದಿಲ್ಲ.

ಕೇಳುವವನು ಸ್ಟಾರ್ಟ್ ಬಿಟ್‌ನ ಅಂಚಿನಿಂದ ಎಣಿಸುತ್ತ, ಒಂಬತ್ತೂವರೆ ಬಿಟ್ ದಾಟಿ ಸ್ಟಾಪ್ ಬಿಟ್‌ನ ನಡುವನ್ನು ನೋಡುತ್ತಾನೆ. ಅಷ್ಟರೊಳಗೆ ಅರ್ಧ ಬಿಟ್ ಜಾರಿದರೆ ಕೆಟ್ಟಿತು. ಎಂದರೆ ಇಬ್ಬರ ಗಡಿಯಾರಗಳ ಅಂತರ ಶೇ. 5 ಮುಟ್ಟುವಂತಿಲ್ಲ. ಚಿಪ್‌ನ ಒಳಗಡಿಯಾರವೋ ಕಾರ್ಖಾನೆಯಿಂದ ಬಂದಾಗ ಶೇ. 10ರವರೆಗೂ ತಪ್ಪಿರಬಹುದು.

ಪರೀಕ್ಷೆ ಸುಲಭ: `U` ಅಕ್ಷರವನ್ನು ಬಿಡುವಿಲ್ಲದೆ ಕಳಿಸಿ. ಅದರ ಬಿಟ್‌ಗಳು ಒಂದು ಬಿಟ್ಟು ಒಂದು ಬದಲಾಗುವುದರಿಂದ ಪಿನ್ನಿನಲ್ಲಿ 4800 ಹರ್ಟ್ಸ್ ಚೌಕ ಅಲೆ ಕಾಣಬೇಕು. ಕಾಣದಿದ್ದರೆ `OSCCAL` ತಿದ್ದಿ.